ಹತ್ತು ಸಾವಿರ ಪೌಚಿಗೆ ಮುನ್ನ ಇಪ್ಪತ್ತು ಪೌಚು

ಧಾರವಾಡದ ಕಡೆಯ ಒಂದು ಸ್ವಸಹಾಯ ಸಂಘ ಶೇಂಗಾ ಚಟ್ನಿಪುಡಿ ಮಾಡುತ್ತದೆ ಎಂದಿಟ್ಟುಕೊಳ್ಳೋಣ. ಈವರೆಗೆ ಸಾದಾ ಪ್ಲಾಸ್ಟಿಕ್ ಚೀಲದಲ್ಲಿ ತುಂಬಿ, ಮೇಲೊಂದು ಚೀಟಿ ಅಂಟಿಸಿ ಮಾರಿದ್ದಾರೆ. ಈಗ ಊರಾಚೆಯ ಅಂಗಡಿಗಳೂ ಕೇಳುತ್ತಿವೆ. 200 ಗ್ರಾಂ ಹಿಡಿಸುವ, ನೆಟ್ಟಗೆ ನಿಲ್ಲುವ, ಹೆಸರು ಮುದ್ರಿಸಿದ ಜಿಪ್ ಪೌಚ್ 10,000 ಬೇಕು. ಆರ್ಡರ್ ಕೊಡುವ ಮುಂಚೆ ಕಾರ್ಖಾನೆಯಿಂದ ಪುಕ್ಕಟೆ ಸ್ಯಾಂಪಲ್ ತರಿಸಿಕೊಳ್ಳಿ ಎಂದು ಎಲ್ಲರೂ ಹೇಳುತ್ತಾರೆ. ಆದರೆ ಎಂಥ ಸ್ಯಾಂಪಲ್ ಕೇಳಬೇಕು, ಬಂದ ಮೇಲೆ ಅದನ್ನು ಏನು ಮಾಡಬೇಕು ಎನ್ನುವುದರ ಮೇಲೆ ಎಲ್ಲವೂ ನಿಂತಿದೆ.

ಮೊದಲು ಕಾರ್ಖಾನೆಯವರ ಕಡೆಯಿಂದ ನೋಡೋಣ. ಇಂಥ ಪೌಚುಗಳನ್ನು ಹೆಚ್ಚಾಗಿ ಗ್ರೇವ್ಯೂರ್ ಯಂತ್ರದಲ್ಲಿ ಮುದ್ರಿಸುತ್ತಾರೆ. ಒಂದೊಂದು ಬಣ್ಣಕ್ಕೂ ಒಂದೊಂದು ಸಿಲಿಂಡರ್ ಕೆತ್ತಿಸಬೇಕು. ಬಣ್ಣ ಸರಿಯಾಗಿ ಕೂರುವವರೆಗೆ ಓಡಿದ ಫಿಲ್ಮೆಲ್ಲ ಗುಜರಿಗೆ ಹೋಗುತ್ತದೆ. 200 ಗ್ರಾಮಿನ ಒಂದು ಖಾಲಿ ಪೌಚ್ ಹೆಚ್ಚುಕಡಿಮೆ 7 ಗ್ರಾಂ ತೂಗಿದರೆ, 10,000 ಪೌಚಿನ ಇಡೀ ಆರ್ಡರ್ ಸೇರಿ 70 ಕಿಲೋ ಆಗುತ್ತದೆ. ಅಷ್ಟು ಸಣ್ಣ ಕೆಲಸಕ್ಕೆ ನಿಮ್ಮ ಹೆಸರು ಹಾಕಿದ ನಾಲ್ಕು ಪೌಚನ್ನು ಯಾರೂ ಪುಕ್ಕಟೆ ಮುದ್ರಿಸಿ ಕೊಡಲಾರರು. ಜಿಎಸ್‌ಟಿ ಕಾನೂನಿನಲ್ಲೂ ಪುಕ್ಕಟೆ ಸ್ಯಾಂಪಲ್ ಆಗಿ ಕೊಟ್ಟ ಸರಕಿನ ಮೇಲೆ ಅವರಿಗೆ ಇನ್‌ಪುಟ್ ತೆರಿಗೆಯ ಲಾಭ ಸಿಗುವುದಿಲ್ಲ. ಅವರು ಕೊಡಬಲ್ಲದ್ದು ತಮ್ಮಲ್ಲಿ ದಾಸ್ತಾನಿರುವ, ಮುದ್ರಣವಿಲ್ಲದ ಪೌಚು, ಇಲ್ಲವೇ ಬೇರೆಯವರ ಆರ್ಡರಿನಲ್ಲಿ ಉಳಿದ ಪೌಚು. ನಮಗೆ ಅದೇ ಸಾಕು. ಚಟ್ನಿಪುಡಿಯನ್ನು ಕಾಯುವುದು ಪೌಚಿನ ಪದರಗಳು. ಪುಕ್ಕಟೆ ಸ್ಯಾಂಪಲಿನಿಂದ ತಿಳಿಯಬೇಕಾದದ್ದೂ ಆ ಪದರಗಳ ವಿಷಯವೇ.

ಆದ್ದರಿಂದ “ಸ್ಯಾಂಪಲ್ ಕಳಿಸಿ” ಎಂದಷ್ಟೇ ಬರೆದರೆ ಕೈಗೆ ಸಿಕ್ಕ ಎರಡು ಪೌಚು ಬರುತ್ತವೆ. ಹೀಗೆ ಬರೆಯಿರಿ: “ನಮಸ್ಕಾರ ಸರ್. ನಾವು ಶೇಂಗಾ ಚಟ್ನಿಪುಡಿ ತಯಾರಿಸುತ್ತೇವೆ. ಎಣ್ಣೆ ಅಂಶ ಹೆಚ್ಚು. 200 ಗ್ರಾಂ ಹಿಡಿಸುವ ಜಿಪ್ ಪೌಚ್, ಮೊದಲ ಆರ್ಡರ್ 10,000. ನೀವು ಕೊಟೇಷನ್ನಿನಲ್ಲಿ ಹೇಳಿದ ಅದೇ ಪದರಗಳ, ಅದೇ ಮೈಕ್ರಾನಿನ 20 ಸಾದಾ ಪೌಚು ಪರೀಕ್ಷೆಗೆ ಬೇಕು. ಕೊರಿಯರ್ ಖರ್ಚು ನಮ್ಮದು. ಆಹಾರ ತುಂಬಲು ಯೋಗ್ಯ ಎಂಬ ಪರೀಕ್ಷಾ ವರದಿಯ ಪ್ರತಿಯನ್ನೂ ಕಳಿಸಿ.” ಇದನ್ನು ಓದಿದವರಿಗೆ ನೀವು ನಿಜವಾಗಿ ಕೊಳ್ಳುವವರು ಎಂದು ಗೊತ್ತಾಗುತ್ತದೆ. ಕೊರಿಯರ್ ಹಣ ನೀವೇ ಕೊಡುತ್ತೀರಿ ಎಂದ ಮೇಲೆ ಇಲ್ಲ ಎನ್ನುವವರು ಕಡಿಮೆ. ಸ್ಯಾಂಪಲಿಗೂ ದುಡ್ಡು ಕೇಳಿದರೆ, ಮುಂದೆ ಆರ್ಡರಿನ ಬಿಲ್ಲಿನಲ್ಲಿ ಕಳೆಯಿರಿ ಎಂದು ಕೇಳಬಹುದು. ವರದಿಯಲ್ಲಿ ಐಎಸ್ 9845 ಎಂಬ ಪರೀಕ್ಷೆಯ ಹೆಸರಿದೆಯೇ ನೋಡಿ. ಪ್ಲಾಸ್ಟಿಕ್ಕಿನಿಂದ ಆಹಾರಕ್ಕೆ ಎಷ್ಟು ಅಂಶ ಇಳಿಯುತ್ತದೆ ಎಂದು ಅಳೆಯುವ ಪರೀಕ್ಷೆ ಅದು. ಮನೆಯಲ್ಲಿ ಅದನ್ನು ಮಾಡಲಾಗದು. ಹಾಗಾಗಿ ವರದಿ ಬೇಕೇ ಬೇಕು.

ಕೊಟೇಷನ್ನಿನಲ್ಲಿ ಹೀಗಿದೆ ಎನ್ನೋಣ: ಹೊರಗೆ 12 ಮೈಕ್ರಾನ್ ಪಾಲಿಯೆಸ್ಟರ್, ನಡುವೆ 12 ಮೈಕ್ರಾನಿನ ಬೆಳ್ಳಿಬಣ್ಣದ ಮೆಟಲೈಸ್ಡ್ ಪಾಲಿಯೆಸ್ಟರ್, ಒಳಗೆ 60 ಮೈಕ್ರಾನ್ ಪಾಲಿಥೀನ್. ಹೊರಪದರದ ಒಳಮೈಯಲ್ಲಿ ಮುದ್ರಣ ಕೂರುತ್ತದೆ. ನಡುವಿನದು ಬೆಳಕನ್ನೂ ಗಾಳಿಯನ್ನೂ ತಡೆಯುತ್ತದೆ. ಶೇಂಗಾ ಎಣ್ಣೆ ಕಮಟು ಹಿಡಿಯುವುದು ಈ ಎರಡರಿಂದಲೇ. ಒಳಪದರ ಬಿಸಿಗೆ ಕರಗಿ ಸೀಲ್ ಆಗುತ್ತದೆ. ಲಾಭಕ್ಕಾಗಿ ತೆಳ್ಳಗೆ ಮಾಡುವುದು ಹೆಚ್ಚಾಗಿ ಈ ಒಳಪದರವನ್ನೇ. ಕಣ್ಣಿಗೆ ಅದು ಕಾಣುವುದಿಲ್ಲ, ತಕ್ಕಡಿಗೆ ಕಾಣುತ್ತದೆ. ಸೀಲ್, ಜಿಪ್ ಮತ್ತು ತಳದ ಮಡಿಕೆಯನ್ನು ಬಿಟ್ಟು, ಪೌಚಿನ ಮೈಯಿಂದ 10 ಸೆಂಟಿಮೀಟರ್ ಉದ್ದ, ಅಷ್ಟೇ ಅಗಲದ ಹತ್ತು ತುಂಡು ಕತ್ತರಿಸಿ. ಎರಡೂ ಬದಿ ಸೇರಿ ಐದು ಪೌಚು ಸಾಕು. ಹತ್ತೂ ತುಂಡನ್ನು ಚಿನ್ನಬೆಳ್ಳಿ ಅಂಗಡಿಯ ತಕ್ಕಡಿಯಲ್ಲಿ ಒಟ್ಟಿಗೆ ತೂಗಿಸಿ. ಅಂಟು ಸೇರಿ ತೂಕ ಸುಮಾರು 9.4 ಗ್ರಾಂ ಬರಬೇಕು. 8 ಗ್ರಾಂ ಬಂದರೆ ಒಳಪದರ 60ರ ಬದಲು ಸುಮಾರು 45 ಮೈಕ್ರಾನ್ ಇದೆ ಎಂದರ್ಥ. ಅಂಚಿನ ಕತ್ತರಿಯಲ್ಲಿ ಆಗುವ ಹೆಚ್ಚುಕಡಿಮೆಯಿಂದ ಇಷ್ಟು ದೊಡ್ಡ ವ್ಯತ್ಯಾಸ ಬರುವುದಿಲ್ಲ.

ಉಳಿದ ಪೌಚುಗಳಲ್ಲಿ ನಿಮ್ಮದೇ ಚಟ್ನಿಪುಡಿ ತುಂಬಿ, ನಿಮ್ಮದೇ ಸೀಲಿಂಗ್ ಮಷೀನಿನಲ್ಲಿ, ದಿನಾ ಆ ಕೆಲಸ ಮಾಡುವವರ ಕೈಯಿಂದಲೇ ಸೀಲ್ ಮಾಡಿಸಿ. 200 ಗ್ರಾಂ ತುಂಬಿದ ಮೇಲೆ ಜಿಪ್ ಮುಚ್ಚಲು ಜಾಗ ಉಳಿಯುತ್ತದೆಯೇ ಎಂಬುದು ಆಗಲೇ ತಿಳಿಯುತ್ತದೆ. ಸೀಲ್ ಆದ ಪೌಚನ್ನು ನೀರಿನಲ್ಲಿ ಮುಳುಗಿಸಿ ಮೆಲ್ಲಗೆ ಒತ್ತಿ. ಗುಳ್ಳೆ ಬಂದರೆ ಸೋರಿಕೆ ಇದೆ. ಆದರೆ ಅಲ್ಲಿಗೇ ಪೌಚನ್ನು ಬೈಯಬೇಡಿ. ಬಾಯಿಯ ಒಳಮೈಗೆ ಪುಡಿ ಮೆತ್ತಿದ್ದರೂ ಸೀಲ್ ಸೋರುತ್ತದೆ. ಬಾಯಿ ಒರೆಸಿ ಇನ್ನೊಂದನ್ನು ಸೀಲ್ ಮಾಡಿ ನೋಡಿ. ಅದೂ ಸೋರಿದರೆ ಶಾಖ ತುಸು ಏರಿಸಿ ನೋಡಿ. ಆಗಲೂ ಕೂಡದಿದ್ದರೆ ಮಾತ್ರ ಫಿಲ್ಮಿನ ಮೇಲೆ ಸಂಶಯ ಪಡಬೇಕು.

ಆಮೇಲೆ ಕಾಯುವ ಕೆಲಸ. ಐದಾರು ತುಂಬಿದ ಪೌಚುಗಳನ್ನು ಕಾಗದದ ಮೇಲೆ ಮಲಗಿಸಿ, ಮನೆಯ ಅತಿ ಬೆಚ್ಚಗಿನ ಮೂಲೆಯಲ್ಲಿ ಎರಡು ಮೂರು ವಾರ ಇಡಿ. ಕಾಗದಕ್ಕೆ ಎಣ್ಣೆ ಕಲೆ ಬಿದ್ದರೆ ಸೀಲ್ ಅಥವಾ ತಳದ ಮಡಿಕೆ ಸೋರುತ್ತಿದೆ. ಸೀಲಿನ ಅಂಚಿನಲ್ಲಿ ಪದರಗಳು ಸುಕ್ಕುಗಟ್ಟಿ, ಉಗುರಿಗೆ ಬಿಡಿಸಿಕೊಳ್ಳುವಂತಾದರೆ ಎಣ್ಣೆ ಮತ್ತು ಮಸಾಲೆ ಸೇರಿ ಅಂಟನ್ನು ತಿಂದಿವೆ. ಖಾಲಿ ಸ್ಯಾಂಪಲನ್ನು ಎಷ್ಟು ಹೊತ್ತು ಕೈಯಲ್ಲಿ ಹಿಡಿದು ನೋಡಿದರೂ ಈ ದೋಷ ಕಾಣಿಸುವುದಿಲ್ಲ. ಹೀಗಾದರೆ ಕಾರ್ಖಾನೆಗೆ ಫೋಟೊ ಕಳಿಸಿ, ಎಣ್ಣೆ ತಡೆಯುವ ಬೇರೆ ಅಂಟಿನ ಸ್ಯಾಂಪಲ್ ಕೇಳಿ. ಕೊನೆಗೆ ಪೌಚ್ ಬಿಚ್ಚಿ ಮೂಸಿ, ಪುಡಿ ತಿಂದು ನೋಡಿ. ಬಣ್ಣದಂಗಡಿಯ ವಾಸನೆ ಬಂದರೆ ಮುದ್ರಣದ ಶಾಯಿಯ ಅಥವಾ ಅಂಟಿನ ದ್ರಾವಕ ಪೂರ್ತಿ ಆರಿಲ್ಲ.

ಸ್ಯಾಂಪಲ್ ಗೆದ್ದರೂ ಒಂದು ಮಾತು ಉಳಿಯುತ್ತದೆ. ದಾಸ್ತಾನಿನ ಪೌಚು ಹಿಂದೆಂದೋ ತಯಾರಾದದ್ದು. ನಿಮ್ಮ 10,000 ಪೌಚು ಬೇರೆ ದಿನ, ಬೇರೆ ಫಿಲ್ಮಿನಿಂದ ಆಗುತ್ತವೆ. ಎರಡನ್ನೂ ಕಟ್ಟಿಹಾಕುವುದು ಆರ್ಡರಿನ ಕಾಗದ. ಒಪ್ಪಿದ ಸ್ಯಾಂಪಲಿನ ಎರಡು ಪೌಚಿನ ಮೇಲೆ ಇಬ್ಬರೂ ತಾರೀಖು ಹಾಕಿ ಸಹಿ ಮಾಡಿ, ಒಂದೊಂದನ್ನು ಇಟ್ಟುಕೊಳ್ಳಿ. ಆರ್ಡರಿನಲ್ಲಿ “ಒಪ್ಪಿದ ಸ್ಯಾಂಪಲಿನಂತೆ” ಎಂದು ಬರೆದು, ಪದರ, ಮೈಕ್ರಾನ್ ಮತ್ತು ಎಷ್ಟು ಶೇಕಡಾ ಹೆಚ್ಚುಕಡಿಮೆಗೆ ಒಪ್ಪಿಗೆ ಎಂಬುದನ್ನು ನಮೂದಿಸಿ. ಆಗ 1930ರ ಸರಕು ಮಾರಾಟ ಕಾಯಿದೆಯ 17ನೇ ಕಲಮು ನಿಮ್ಮ ನೆರವಿಗೆ ಬರುತ್ತದೆ. ಸ್ಯಾಂಪಲ್ ನೋಡಿ ಮಾಡಿದ ವ್ಯಾಪಾರದಲ್ಲಿ ಇಡೀ ಸರಕಿನ ಗುಣಮಟ್ಟ ಸ್ಯಾಂಪಲಿಗೆ ಹೊಂದಬೇಕು, ಹೋಲಿಸಿ ನೋಡಲು ಕೊಳ್ಳುವವರಿಗೆ ಅವಕಾಶ ಸಿಗಬೇಕು ಎಂದು ಅದು ಹೇಳುತ್ತದೆ.

ಆ ಅವಕಾಶವನ್ನು ಸರಕು ಬಂದ ಕೂಡಲೇ ಬಳಸಿಕೊಳ್ಳಬೇಕು. ಬೇರೆ ಬೇರೆ ಪೆಟ್ಟಿಗೆಗಳ ನಡುವಿನಿಂದ ಪೌಚು ತೆಗೆದು, ಅದೇ ತುಂಡುಗಳನ್ನು ಕತ್ತರಿಸಿ ತೂಗಿಸಿ. ಮುದ್ರಣದ ಶಾಯಿಯಿಂದ ತೂಕ ತುಸು ಏರಬಹುದು, ಇಳಿಯಬಾರದು. ನೀರಿನ ಪರೀಕ್ಷೆಯನ್ನೂ ಮತ್ತೆ ಮಾಡಿ. ಇವು ಮುಗಿಯುವವರೆಗೆ ತುಂಬುವ ಕೆಲಸ ಶುರು ಮಾಡಬೇಡಿ. ತುಂಬಿ ಅಂಗಡಿಗೆ ಕಳಿಸಿದರೆ ಸರಕನ್ನು ಒಪ್ಪಿಕೊಂಡಂತೆಯೇ ಆಗುತ್ತದೆ. ಆಮೇಲೆ ವಾಪಸ್ ತೆಗೆದುಕೊಳ್ಳಿ ಎನ್ನುವ ಹಕ್ಕು ಉಳಿಯುವುದಿಲ್ಲ.