ಥೀಮ್ ಮಾರಿ, ಫೆಸ್ಟಿನ ಹೆಸರು ಮಾರಬೇಡಿ

2025ರ ಆಗಸ್ಟ್‌ನಲ್ಲಿ ಶುರುವಾದ ಹಳದಿ ಮೆಟ್ರೋವನ್ನು ಆರ್.ವಿ. ರೋಡ್‌ನಲ್ಲಿ ಹತ್ತಿ ಕೊನೆತನಕ ಹೋಗಿ ನೋಡಿ. ಎಲೆಕ್ಟ್ರಾನಿಕ್ ಸಿಟಿ ದಾಟುತ್ತಿದ್ದಂತೆ ಇನ್ಫೋಸಿಸ್ ಫೌಂಡೇಶನ್ ಕೋನಪ್ಪನ ಅಗ್ರಹಾರ, ಬಯೋಕಾನ್ ಹೆಬ್ಬಗೋಡಿ, ಡೆಲ್ಟಾ ಎಲೆಕ್ಟ್ರಾನಿಕ್ಸ್ ಬೊಮ್ಮಸಂದ್ರ ಅನ್ನುವ ನಿಲ್ದಾಣಗಳು ಬರುತ್ತವೆ. ದುಡ್ಡು ಕೊಟ್ಟವರ ಹೆಸರು ಮುಂದೆ ಸೇರಿಕೊಂಡಿದೆ, ಊರಿನ ಹೆಸರು ಹಿಂದೆ ಹಾಗೇ ಉಳಿದಿದೆ. ನಾಳೆ ಕಂಪನಿ ಹೊರಟುಹೋದರೂ ಹೆಬ್ಬಗೋಡಿ ಹೆಬ್ಬಗೋಡಿಯೇ.

ಜಯನಗರ, ಬನಶಂಕರಿ, ಜೆ.ಪಿ. ನಗರದ ಸುತ್ತಮುತ್ತಲ ಕಾಲೇಜುಗಳಲ್ಲಿ ಟೆಕ್ನಿಕಲ್ ಫೆಸ್ಟ್ ಕಮಿಟಿ ಕೂತಾಗ ಮೊದಲು ಗೊತ್ತಿರಬೇಕಾದ ವಿಷಯ ಇದೇ. ಪೋಸ್ಟರಿನ ಮೇಲೆ ಒಂದೇ ಸಾಲಿನಲ್ಲಿ ಕಾಣುವುದು ನಿಜಕ್ಕೂ ಮೂರು ಬೇರೆ ವಸ್ತುಗಳು. ಮೊದಲನೆಯದು ಫೆಸ್ಟಿನ ಹೆಸರು. ಅದು ವರ್ಷದಿಂದ ವರ್ಷಕ್ಕೆ ಉಳಿಯಬೇಕು. ಎರಡನೆಯದು ಆ ವರ್ಷದ ಥೀಮ್, ಅದು ಬದಲಾಗುತ್ತದೆ. ಮೂರನೆಯದು ಹೆಸರಿನ ಮುಂದಿನ ಜಾಗ, ಅಂದರೆ ‘ಇಂಥವರು ಅರ್ಪಿಸುವ’ ಅನ್ನುವ ಸಾಲು. ಮಾರಾಟಕ್ಕಿರುವುದು ಮೂರನೆಯದು. ಅದಕ್ಕೆ ಒಳ್ಳೆ ಬೆಲೆ ತರುವುದು ಎರಡನೆಯದು. ಮೊದಲನೆಯದನ್ನು ಮುಟ್ಟಬಾರದು. ವಿದ್ಯಾರ್ಥಿಗಳಿಗೂ ಸ್ಪಾನ್ಸರ್‌ಗಳಿಗೂ ಒಂದೇ ಏಟಿಗೆ ಹಿಡಿಸುವ ಹೆಸರು ಹುಡುಕಿ ಕಮಿಟಿಗಳು ಸುಸ್ತಾಗುವುದು, ಈ ಮೂರೂ ಕೆಲಸವನ್ನು ಒಂದೇ ಪದದ ಕೈಲಿ ಮಾಡಿಸೋಕೆ ಹೋಗುವುದರಿಂದ.

ಉಳಿದ ಹೆಸರುಗಳು ಏನು ಹೇಳುತ್ತವೆ?

ಆರ್.ವಿ. ಇಂಜಿನಿಯರಿಂಗ್ ಕಾಲೇಜಿನ ಫೆಸ್ಟ್ ಹೆಸರು ‘ಎಯ್ಟ್ತ್ ಮೈಲ್’. ಕಾಲೇಜು ಇರುವುದು ಮೈಸೂರು ರಸ್ತೆಯ ಎಂಟನೇ ಮೈಲಿಯಲ್ಲಿ, ಅಷ್ಟೇ. ಯಾವ ತಂತ್ರಜ್ಞಾನದ ಹೆಸರೂ ಅದರಲ್ಲಿಲ್ಲ. ಹಾಗಾಗಿ ಯಾವ ತಂತ್ರಜ್ಞಾನ ಹಳೆಯದಾದರೂ ಅದಕ್ಕೆ ವಯಸ್ಸಾಗುವುದಿಲ್ಲ. ಬೇರೆ ಕಾಲೇಜಿನವರು ಕದಿಯೋಕೂ ಆಗಲ್ಲ.

ಬಸವನಗುಡಿಯ ಬಿ.ಎಂ.ಎಸ್. ಕಾಲೇಜಿನ ಟೆಕ್ನಿಕಲ್ ಫೆಸ್ಟ್ ‘ಫೇಸ್ ಶಿಫ್ಟ್’. ಎರಡು ಅಲೆಗಳ ನಡುವಿನ ಹಂತದ ವ್ಯತ್ಯಾಸಕ್ಕೆ ಹೇಳುವ ಪದ. ಎಲೆಕ್ಟ್ರಿಕಲ್ ಓದಿದವರಿಗೆ ಕೇಳಿದ ತಕ್ಷಣ ಖುಷಿ ಕೊಡುತ್ತದೆ, ಓದದವರಿಗೂ ‘ಏನೋ ಬದಲಾಗ್ತಿದೆ’ ಅನ್ನುವಷ್ಟು ದಾಟುತ್ತದೆ. ಕಷ್ಟ ಇರುವುದು ಒಂದೇ ಕಡೆ: ಹುಡುಕಾಟದಲ್ಲಿ. Phase Shift ಅಂತ ಟೈಪ್ ಮಾಡಿದರೆ ಮೊದಲು ಎದುರಾಗುವುದು ಭೌತಶಾಸ್ತ್ರದ ಪಾಠ. ಇಂಥ ಹೆಸರಿಗೆ ಕಾಲೇಜಿನ ಹೆಸರನ್ನು ಯಾವಾಗಲೂ ಅಂಟಿಸಿಕೊಂಡೇ ಓಡಾಡಬೇಕು.

ಬನಶಂಕರಿ ಮೂರನೇ ಹಂತದ ಪಿ.ಇ.ಎಸ್. ವಿಶ್ವವಿದ್ಯಾಲಯದ ‘ಆತ್ಮತೃಷ’ದಲ್ಲಿ ಸಮಸ್ಯೆ ಇದರ ತಿರುವುಮುರುವು. ಬೇರೆ ಯಾರೂ ಇಟ್ಟುಕೊಳ್ಳದ ಹೆಸರು, ಹುಡುಕಿದರೆ ನೇರ ಸಿಗುತ್ತದೆ. ಆದರೆ ಪರದೆ ಮೇಲೆ ಅದು Aatmatrisha. ಕಿವಿಯಲ್ಲಿ ಕೇಳಿ ಟೈಪ್ ಮಾಡುವವನು ಶುರುವಿನಲ್ಲಿ ಎರಡು ‘a’ ಹಾಕುತ್ತಾನೋ ಒಂದೋ?

ಇದಕ್ಕೊಂದು ಸುಲಭದ ಪರೀಕ್ಷೆ ಇದೆ. ನೀವು ಯೋಚಿಸಿರುವ ಹೆಸರನ್ನು ಬೇರೆ ಕಾಲೇಜಿನ ಐದು ಜನರಿಗೆ ಫೋನಿನಲ್ಲಿ ಒಂದೇ ಸಲ ಹೇಳಿ, ವಾಟ್ಸಾಪ್‌ನಲ್ಲಿ ಬರೆದು ಕಳಿಸೋಕೆ ಹೇಳಿ. ಐದು ಜನ ಮೂರು ಥರ ಬರೆದರೆ ನಿಮ್ಮ ಹ್ಯಾಶ್‌ಟ್ಯಾಗ್ ಮೂರಾಗಿ ಒಡೆಯುತ್ತದೆ ಅಂತ ಅರ್ಥ. ಆಗ ಹೆಸರು ಬಿಡಲೇಬೇಕೆಂದಿಲ್ಲ. ತಪ್ಪು ಕಾಗುಣಿತದ ಹ್ಯಾಂಡಲ್‌ಗಳನ್ನೂ ನೀವೇ ಮೊದಲು ಹಿಡಿದುಕೊಳ್ಳಿ.

ಕೊನೆಯ ‘ಅ’ ಎಲ್ಲಿ ಹೋಯಿತು?

ಹೆಸರಿಗೆ ಸಂಸ್ಕೃತ ಪದ ಹುಡುಕುವುದು ನಮ್ಮ ಕಾಲೇಜುಗಳ ಹಳೇ ಚಾಳಿ. ತಪ್ಪೇನಿಲ್ಲ, ಆ ಪದಗಳಲ್ಲಿ ಅರ್ಧಕ್ಕರ್ಧ ಕನ್ನಡದವೂ ಹೌದು. ಆದರೆ ಇಂಗ್ಲಿಷ್ ಅಕ್ಷರಕ್ಕೆ ಇಳಿಸುವಾಗ ಹಿಂದಿಯ ಉಚ್ಚಾರಣೆ ಸದ್ದಿಲ್ಲದೆ ಒಳಗೆ ಬರುತ್ತದೆ. ಬಿ.ಎಂ.ಎಸ್.ನ ಸಾಂಸ್ಕೃತಿಕ ಫೆಸ್ಟ್ ಪರದೆ ಮೇಲೆ Utsav. ನಮ್ಮ ಬಾಯಲ್ಲಿ ಅದು ಉತ್ಸವ. ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ಯಾರ್ಥಿಗಳ ಫೆಸ್ಟ್ Pravega, ಅಲ್ಲಿ ಕೊನೆಯ ‘a’ ಉಳಿದಿದೆ. ಕನ್ನಡದವನು ಓದಿದರೂ ಪ್ರವೇಗ, ಪೋಸ್ಟರಿನಲ್ಲಿ ಕನ್ನಡ ಲಿಪಿಯಲ್ಲಿ ಬರೆದರೂ ಪ್ರವೇಗ.

ಇದು ಬರೀ ಭಾಷಾಭಿಮಾನದ ಮಾತಲ್ಲ. ತುಮಕೂರಿನಿಂದಲೋ ಹಾಸನದಿಂದಲೋ ಟೀಮ್ ಬರಬೇಕು ಅಂತ ಆಸೆ ಇದ್ದರೆ, ಹೆಸರು ಕನ್ನಡ ಲಿಪಿಯಲ್ಲೂ ಸಹಜವಾಗಿ ಕೂರಬೇಕು. ಹೆಸರು ಅಂತಿಮ ಮಾಡುವ ಮೊದಲು ಎರಡೂ ಲಿಪಿಯಲ್ಲಿ ದೊಡ್ಡದಾಗಿ ಬರೆದು ಗೋಡೆಗೆ ಅಂಟಿಸಿ. ಒಂದರಲ್ಲಿ ಬೇರೆ ಪದದ ಥರ ಕಂಡರೆ ಕಾಗುಣಿತ ತಿದ್ದಿ.

ಥೀಮ್ ಅಂದರೆ ಸಮಸ್ಯೆ, ಸಲಕರಣೆ ಅಲ್ಲ

ಫೇಸ್‌ಬುಕ್ ಕಂಪನಿ 2021ರ ಅಕ್ಟೋಬರ್‌ನಲ್ಲಿ ‘ಮೆಟಾ’ ಅಂತ ಹೆಸರು ಬದಲಿಸಿಕೊಂಡ ಮೇಲೆ ಎಲ್ಲರ ಬಾಯಲ್ಲೂ ಮೆಟಾವರ್ಸ್ ಇತ್ತು. ಈಗ ಆ ಪದವನ್ನು ಪೋಸ್ಟರಿಗೆ ಹಾಕಿದರೆ ಜೂನಿಯರ್‌ಗಳು ನಗುತ್ತಾರೆ. ಸಲಕರಣೆಯ ಹೆಸರನ್ನು ಥೀಮ್ ಮಾಡಿದರೆ ಆಗುವುದೇ ಹೀಗೆ. ಇನ್ನೊಂದು ತೊಂದರೆಯೂ ಇದೆ. ‘ಬ್ಲಾಕ್‌ಚೈನ್’ ಅಂತ ಥೀಮ್ ಇಟ್ಟರೆ ಸಿವಿಲ್, ಮೆಕ್ಯಾನಿಕಲ್ ವಿಭಾಗದವರು ಆ ಮೂರು ದಿನ ಕುರ್ಚಿ ಜೋಡಿಸುವ ವಾಲಂಟಿಯರ್‌ಗಳಾಗುತ್ತಾರೆ.

ಒಂದು ಉದಾಹರಣೆ ಕಟ್ಟೋಣ. ಬನಶಂಕರಿಯಲ್ಲಿ ಒಂದು ಕಾಲೇಜು ಅಂದುಕೊಳ್ಳಿ, ಥೀಮ್ ‘ಕೊನೆಯ ಮೈಲಿ’. ಬನಶಂಕರಿ ಮೆಟ್ರೋ ಇಳಿದು ಕತ್ತರಿಗುಪ್ಪೆ ಕಡೆ ಹೋಗುವವನಿಗೆ ರೈಲಿಗಿಂತ ಆಟೋದ ಚೌಕಾಸಿಯೇ ದೊಡ್ಡ ಪ್ರಯಾಣ. ಫಸ್ಟ್ ಇಯರ್ ಹುಡುಗಿಗೂ ಇದನ್ನು ವಿವರಿಸಿ ಹೇಳಬೇಕಿಲ್ಲ.

ಈಗ ವಿಭಾಗಗಳನ್ನು ಕೂರಿಸಿ. ಸಿವಿಲ್‌ನವರಿಗೆ ನಿಲ್ದಾಣದಿಂದ ಕಾಲೇಜಿನವರೆಗೆ ಫುಟ್‌ಪಾತ್ ಅಳೆದು, ಎಲ್ಲಿ ತುಂಡಾಗಿದೆ ಅಂತ ನಕ್ಷೆ ಮಾಡುವ ಸ್ಪರ್ಧೆ. ಎಲೆಕ್ಟ್ರಾನಿಕ್ಸ್‌ನವರಿಗೆ ಫೀಡರ್ ಬಸ್ಸಿನಲ್ಲಿ ಎಷ್ಟು ಜನ ಇದ್ದಾರೆ ಅಂತ ಎಣಿಸುವ ಸೆನ್ಸರ್. ಕಂಪ್ಯೂಟರ್ ಸೈನ್ಸ್‌ಗೆ ದಾರಿ ತೋರಿಸುವ ಆ್ಯಪ್, ಮೆಕ್ಯಾನಿಕಲ್‌ಗೆ ಮೆಟ್ರೋದೊಳಗೆ ಒಯ್ಯಬಲ್ಲ ಮಡಚುವ ಸೈಕಲ್, ಎಲೆಕ್ಟ್ರಿಕಲ್‌ಗೆ ಇ-ಆಟೋ ಬ್ಯಾಟರಿ ಬದಲಿಸುವ ವ್ಯವಸ್ಥೆ. ಪ್ರತಿ ವಿಭಾಗಕ್ಕೂ ಒಂದು ಒಳ್ಳೆ ಈವೆಂಟ್ ಹುಟ್ಟಿತು. ಯಾವುದಾದರೂ ವಿಭಾಗಕ್ಕೆ ಎಳೆದು ತಂದು ಜೋಡಿಸಬೇಕಾಗಿ ಬಂದರೆ ಥೀಮ್ ಕಿರಿದಾಗಿದೆ ಅಂತ ತಿಳಿಯಿರಿ. ಏನು ಬೇಕಾದರೂ ಹಿಡಿಸುವಂತಿದ್ದರೆ, ಉದಾಹರಣೆಗೆ ‘ನಾವೀನ್ಯ’, ಅದು ಥೀಮೇ ಅಲ್ಲ.

ಸ್ಪಾನ್ಸರ್ ಕಣ್ಣಿಗೆ ಏನು ಕಾಣುತ್ತದೆ?

ಜಯನಗರ ನಾಲ್ಕನೇ ಬ್ಲಾಕ್‌ನ ಬಟ್ಟೆ ಅಂಗಡಿಗೆ, ವಿದೇಶಕ್ಕೆ ಕಳಿಸುವ ಕನ್ಸಲ್ಟೆನ್ಸಿಗೆ ನಿಮ್ಮ ಥೀಮ್ ಬೇಕಿಲ್ಲ. ಅವರಿಗೆ ಬೇಕಿರುವುದು ಸ್ಟಾಲ್, ಅದರ ಮುಂದೆ ಓಡಾಡುವ ಜನ. ಅಂಥ ಕಡೆ ಥೀಮ್ ವಿವರಿಸುತ್ತಾ ಅರ್ಧ ಗಂಟೆ ಕಳೆಯಬೇಡಿ, ಗೇಟಿಗೆ ಎಷ್ಟು ಹತ್ತಿರದ ಜಾಗ ಕೊಡುತ್ತೀರಿ ಹೇಳಿ. ಥೀಮ್ ಕೆಲಸ ಮಾಡುವುದು ದೊಡ್ಡ ಕಂಪನಿಗಳ ಹತ್ತಿರ.

ಅಲ್ಲೂ ಯಾವ ಬಾಗಿಲು ತಟ್ಟಬೇಕು ಅನ್ನುವುದು ಮುಖ್ಯ. ‘ನಿಮ್ಮ ಸಿಎಸ್‌ಆರ್ ಹಣದಿಂದ ಕೊಡಿ’ ಅಂತ ಪತ್ರ ಬರೆಯುವ ಕಮಿಟಿಗಳು ಈಗಲೂ ಇವೆ. ತಮ್ಮ ಸರಕಿಗೆ ಪ್ರಚಾರದ ಲಾಭ ಸಿಗಲಿ ಅಂತ ಕೊಡುವ ಪ್ರಾಯೋಜಕತ್ವವನ್ನು ಸಿಎಸ್‌ಆರ್ ಲೆಕ್ಕಕ್ಕೆ ಸೇರಿಸುವಂತಿಲ್ಲ ಎಂದು 2021ರಲ್ಲಿ ತಿದ್ದುಪಡಿಯಾದ ಸಿಎಸ್‌ಆರ್ ನಿಯಮಗಳು ಹೇಳುತ್ತವೆ. ನಿಮ್ಮ ಪತ್ರ ಹೋಗಬೇಕಾದ್ದು ಮಾರ್ಕೆಟಿಂಗ್ ವಿಭಾಗಕ್ಕೆ ಅಥವಾ ಹೊಸಬರನ್ನು ಕೆಲಸಕ್ಕೆ ಹುಡುಕುವ ಎಚ್‌ಆರ್‌ಗೆ. ಎಚ್‌ಆರ್‌ಗೆ ‘ಕೊನೆಯ ಮೈಲಿ’ ಅಂದರೆ ತಮ್ಮ ಕ್ಷೇತ್ರದ ಸಮಸ್ಯೆ ಬಿಡಿಸಬಲ್ಲ ಹುಡುಗ ಹುಡುಗಿಯರನ್ನು ಒಂದೇ ಹಾಲ್‌ನಲ್ಲಿ ನೋಡುವ ಅವಕಾಶ. ಸ್ಕೂಟರ್ ಕಂಪನಿ, ಡೆಲಿವರಿ ಕಂಪನಿ, ನಕ್ಷೆಯ ಕಂಪನಿ, ಬ್ಯಾಟರಿ ತಯಾರಕರು, ಎಲ್ಲರಿಗೂ ಇಲ್ಲಿ ತಮ್ಮದೇ ಒಂದು ಈವೆಂಟ್ ಕಾಣುತ್ತದೆ. ಯಾರಿಗೂ ಇಡೀ ಥೀಮ್ ತಮ್ಮದು ಅನಿಸುವುದಿಲ್ಲ. ಬೇಕಾಗಿರುವುದು ಅದೇ.

ಯಾಕೆಂದರೆ ಜಗಳ ಶುರುವಾಗುವುದು ಅಲ್ಲಿಂದ. 10 ಲಕ್ಷದ ಬಜೆಟ್‌ನಲ್ಲಿ ಒಬ್ಬರೇ 6 ಲಕ್ಷ ಕೊಡುತ್ತೇವೆ ಅಂದರು ಅಂದುಕೊಳ್ಳಿ. ಅವರು ಇ-ಸ್ಕೂಟರ್ ಮಾರುವವರು. ಎರಡು ವಾರ ಬಿಟ್ಟು ಮೆಲ್ಲಗೆ ಫೋನ್ ಬರುತ್ತದೆ: ‘ಬಸ್ಸಿನ ಸೆನ್ಸರ್ ಈವೆಂಟ್ ಬೇಕಾ? ಫುಟ್‌ಪಾತ್ ಸರ್ವೆ ಸ್ವಲ್ಪ ನೆಗೆಟಿವ್ ಆಯ್ತಲ್ವಾ?’ ಅಷ್ಟೊತ್ತಿಗೆ ಪೋಸ್ಟರ್ ಪ್ರಿಂಟಾಗಿರುತ್ತದೆ, ನಿಮಗೆ ಇಲ್ಲ ಅನ್ನುವ ಶಕ್ತಿ ಇರುವುದಿಲ್ಲ. ನನ್ನ ಲೆಕ್ಕದಲ್ಲಿ ಒಬ್ಬ ಸ್ಪಾನ್ಸರ್ ಪಾಲು ಮೂರನೇ ಒಂದಕ್ಕಿಂತ ಹೆಚ್ಚಾಗಬಾರದು. ಪ್ರಶ್ನೆ ಸಿದ್ಧಪಡಿಸುವವರು ಕಾಲೇಜಿನವರು, ತೀರ್ಪುಗಾರರಲ್ಲಿ ಸ್ಪಾನ್ಸರ್ ಕಡೆಯವರು ಅಲ್ಪಸಂಖ್ಯೆಯಲ್ಲಿ ಇರತಕ್ಕದ್ದು. ಇವೆರಡು ಸಾಲು ಒಪ್ಪಂದದಲ್ಲೇ ಇರಲಿ.

ಥೀಮ್ ಯಾರನ್ನು ಕರೆಯುತ್ತದೆ ಅನ್ನುವುದನ್ನೂ ಯೋಚಿಸಿ. ‘ಗೇಮಿಂಗ್’ ಅಂತ ಇಟ್ಟರೆ ರಮ್ಮಿ, ಫ್ಯಾಂಟಸಿ ಆ್ಯಪ್‌ನವರು ತಾವಾಗಿಯೇ ಬರುತ್ತಿದ್ದ ಕಾಲವೊಂದಿತ್ತು. 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣ ಕಟ್ಟಿ ಆಡುವ ಆಟಗಳನ್ನಷ್ಟೇ ಅಲ್ಲ, ಅವುಗಳ ಜಾಹೀರಾತನ್ನೂ ನಿಷೇಧಿಸಿದೆ. ಆ ಕಾಯ್ದೆ ಬಂದ ತಿಂಗಳೇ ಭಾರತ ಕ್ರಿಕೆಟ್ ತಂಡದ ಜೆರ್ಸಿಯಿಂದ ಡ್ರೀಮ್11 ಹೊರಟುಹೋಯಿತು. ಬೇರೆ ಹೆಸರಿನಲ್ಲಿ ಅಂಥವರ ಬ್ಯಾನರ್ ಕಾಲೇಜಿನ ಗೇಟಿಗೆ ಬಂದರೆ ಕಮಿಟಿಯವರು ಕೇಳಬೇಕಾದ ಪ್ರಶ್ನೆ ಒಂದೇ: ಇದರಲ್ಲಿ ಆಡುವವನು ಹಣ ಕಟ್ಟುತ್ತಾನಾ?

ಯಾವ ಕ್ರಮದಲ್ಲಿ ಮಾಡಬೇಕು?

ಮೊದಲು ಹೆಸರು. ಟ್ರೇಡ್‌ಮಾರ್ಕ್ ನೋಂದಣಿಯ ಸರ್ಕಾರಿ ಜಾಲತಾಣದಲ್ಲಿ ಶಿಕ್ಷಣ ಮತ್ತು ಮನರಂಜನೆಯ 41ನೇ ವರ್ಗದಲ್ಲಿ ಆ ಹೆಸರು ಈಗಾಗಲೇ ಯಾರದ್ದಾದರೂ ಇದೆಯಾ ನೋಡಿ. ಹುಡುಕೋಕೆ ದುಡ್ಡು ಬೇಡ. ನಂತರ ಥೀಮ್, ಅದರ ಕೆಳಗೆ ಈವೆಂಟ್ ಪಟ್ಟಿ. ಸ್ಪಾನ್ಸರ್ ಪತ್ರ ಹೊರಡಬೇಕಾದ್ದು ಆಮೇಲೆ. ಪಟ್ಟಿ ಸಿದ್ಧವಾಗದೆ ದುಡ್ಡು ಕೇಳಲು ಹೋದರೆ ಪಟ್ಟಿಯನ್ನು ದುಡ್ಡು ಕೊಟ್ಟವರೇ ಬರೆಯುತ್ತಾರೆ.

ಇನ್ನೊಂದು ಸಣ್ಣ ಕೆಲಸ, ಆದರೆ ಎಷ್ಟೋ ಫೆಸ್ಟ್‌ಗಳು ಇಲ್ಲೇ ಹೆಸರು ಕಳೆದುಕೊಳ್ಳುತ್ತವೆ. ಇನ್‌ಸ್ಟಾಗ್ರಾಂ ಖಾತೆ ಯಾವುದೋ ಸೀನಿಯರ್‌ನ ಸ್ವಂತ ಫೋನ್ ನಂಬರಿಗೆ ಜೋಡಣೆಯಾಗಿರುತ್ತದೆ, ಡೊಮೇನ್ ಇನ್ಯಾರದ್ದೋ ಕಾರ್ಡಿನಲ್ಲಿರುತ್ತದೆ. ಅವರು ಪಾಸಾಗಿ ಕೆಲಸಕ್ಕೆ ಸೇರಿ ನಂಬರ್ ಬದಲಿಸುತ್ತಾರೆ. ಮುಂದಿನ ವರ್ಷದ ಹುಡುಗರು ಹೆಸರಿನ ಹಿಂದೆ ‘official’ ಅಂತ ಸೇರಿಸಿ ಸೊನ್ನೆ ಫಾಲೋಯರ್‌ಗಳಿಂದ ಶುರು ಮಾಡುತ್ತಾರೆ. ಖಾತೆ, ಡೊಮೇನ್, ಲೋಗೋದ ಮೂಲ ಕಡತ, ಮೂರನ್ನೂ ಕಾಲೇಜಿನ ಇಮೇಲ್ ವಿಳಾಸಕ್ಕೆ ಕಟ್ಟಿಹಾಕಿ, ಫೆಸ್ಟ್ ಮುಗಿದ ವಾರವೇ ಜೂನಿಯರ್‌ಗಳ ಕೈಗೆ ಕೊಡಿ.