ಹಸಿರು ಕಾರು ನೇರಳೆಯಾಗುವ ಬಗೆ

2004ರಲ್ಲಿ ಅಮೆರಿಕದ ಫೋರ್ಡ್ ಕಂಪನಿ ತನ್ನ ಮಸ್ಟಾಂಗ್ ಕೋಬ್ರಾ ಕಾರಿಗೆ ಮಿಸ್ಟಿಕ್ರೋಮ್ ಎಂಬ ಬಣ್ಣವನ್ನು ಕೊಟ್ಟಿತು. ಎದುರು ನಿಂತು ನೋಡಿದರೆ ಬಾನೆಟ್ ಹಸಿರು. ನಾಲ್ಕು ಹೆಜ್ಜೆ ಪಕ್ಕಕ್ಕೆ ಸರಿದರೆ ಅದೇ ಬಾನೆಟ್ ನೀಲಿ, ಇನ್ನಷ್ಟು ಓರೆಯಾದರೆ ನೇರಳೆ, ಮೈ ತಿರುಗುವ ಅಂಚಿನಲ್ಲಿ ಹೆಚ್ಚುಕಡಿಮೆ ಕಪ್ಪು. ಇಂಥ ಕಾರನ್ನು ಕಂಪ್ಯೂಟರಿನಲ್ಲಿ ಚಿತ್ರಿಸಲು ಹೊರಟವರು ಮೊದಲು ಹಿಡಿಯುವ ದಾರಿ ಒಂದೇ: ನೋಟದ ಕೋನ ಬದಲಾದಂತೆ ಹಸಿರಿನಿಂದ ನೇರಳೆಗೆ ಸಾಗುವ ಬಣ್ಣದ ಪಟ್ಟಿಯೊಂದನ್ನು ಕಾರಿನ ಇಡೀ ಮೈಗೆ ಜೋಡಿಸುವುದು. ಬಣ್ಣವೇನೋ ಬದಲಾಗುತ್ತದೆ. ಆದರೆ ದೀಪವನ್ನು ಅತ್ತಿತ್ತ ಸರಿಸಿ ನೋಡಿ, ಮೋಸ ತಿಳಿಯುತ್ತದೆ. ನಿಜವಾದ ಕಾರಿನಲ್ಲಿ ನೀವು ನಿಂತಲ್ಲೇ ನಿಂತಿದ್ದರೂ ದೀಪ ಸರಿದರೆ ಹೊಳಪಿನ ಬಣ್ಣ ಬದಲಾಗುತ್ತದೆ. ಪಟ್ಟಿ ಅಂಟಿಸಿದ ಕಾರಿನಲ್ಲಿ ಅದು ಕದಲುವುದಿಲ್ಲ.

ಕಾರಣ ಬಣ್ಣದ ಪದರಗಳಲ್ಲಿದೆ. ತಗಡಿನ ಮೇಲೆ ಪ್ರೈಮರ್, ಅದರ ಮೇಲೆ ಬಣ್ಣವಿರುವ ಬೇಸ್ ಕೋಟ್, ಎಲ್ಲಕ್ಕಿಂತ ಮೇಲೆ ಪಾರದರ್ಶಕವಾದ ಕ್ಲಿಯರ್ ಕೋಟ್. ಬೇಸ್ ಕೋಟಿನ ದಪ್ಪ ಹತ್ತಿಪ್ಪತ್ತು ಮೈಕ್ರಾನ್, ಕ್ಲಿಯರ್ ಕೋಟಿನದು ಸುಮಾರು ನಲವತ್ತು. ಮೆಟಾಲಿಕ್ ಬಣ್ಣವಾದರೆ ಬೇಸ್ ಕೋಟಿನೊಳಗೆ ಅಲ್ಯೂಮಿನಿಯಂ ಚಕ್ಕೆಗಳು ಮಲಗಿರುತ್ತವೆ. ಒಂದೊಂದೂ ಇಪ್ಪತ್ತು ಮೈಕ್ರಾನ್ ಆಸುಪಾಸು ಅಗಲ, ಒಂದು ಮೈಕ್ರಾನಿಗಿಂತ ತೆಳು. ಹೆಚ್ಚಿನವು ತಗಡಿಗೆ ಸಮಾನಾಂತರವಾಗಿ ಬಿದ್ದಿದ್ದರೂ ಯಾವುದೂ ತೀರಾ ಸಪಾಟಾಗಿ ಮಲಗಿರುವುದಿಲ್ಲ. ಒಂದು ಸ್ವಲ್ಪ ಎಡಕ್ಕೆ ವಾಲಿದ್ದರೆ ಇನ್ನೊಂದು ಬಲಕ್ಕೆ. ಹೀಗಾಗಿ ನಮ್ಮ ಕಣ್ಣಿಗೆ ಬೆಳಕು ಎರಡು ಬೇರೆ ಬೇರೆ ಮೇಲ್ಮೈಗಳಿಂದ ಬರುತ್ತದೆ. ಒಂದು ನುಣುಪಾದ ಕ್ಲಿಯರ್ ಕೋಟ್, ಇನ್ನೊಂದು ಅದರಡಿಯಲ್ಲಿ ದಿಕ್ಕಿಗೊಂದರಂತೆ ವಾಲಿರುವ ಚಕ್ಕೆಗಳ ಗುಂಪು. ಕಾರ್ ಪೇಂಟ್ ಚಿತ್ರಿಸುವವರ ಕೆಲಸವೆಲ್ಲ ಈ ಎರಡನ್ನು ಒಂದಕ್ಕೊಂದು ಬೆರೆಯದಂತೆ ಕಾಯುವುದರಲ್ಲಿದೆ.

ಮೊದಲು ಕ್ಲಿಯರ್ ಕೋಟ್. ಅದರ ವಕ್ರೀಭವನ ಸೂಚ್ಯಂಕ ಸುಮಾರು 1.5. ನೇರವಾಗಿ ಬಿದ್ದ ಬೆಳಕಿನಲ್ಲಿ ಅದು ಹಿಂದಕ್ಕೆ ಕಳಿಸುವುದು ಶೇಕಡ 4 ಮಾತ್ರ. 60 ಡಿಗ್ರಿ ಓರೆಯಲ್ಲಿ ಶೇಕಡ 9 ಆಗುತ್ತದೆ, 80 ಡಿಗ್ರಿಯಲ್ಲಿ ಒಮ್ಮೆಲೇ ಶೇಕಡ 39ಕ್ಕೆ ಏರುತ್ತದೆ. ನಿಂತಿರುವ ಕಾರಿನ ಬಾಗಿಲಲ್ಲಿ ಎದುರಿನ ಗೋಡೆ ಮಸುಕಾಗಿ, ಬಾನೆಟ್‌ನ ದೂರದ ಅಂಚಿನಲ್ಲಿ ಆಕಾಶ ಢಾಳಾಗಿ ಕಾಣುವುದು ಇದರಿಂದಲೇ. ಬಳಸಲು ಹಣ ಕೊಡಬೇಕಿಲ್ಲದ ಬ್ಲೆಂಡರ್ ತಂತ್ರಾಂಶದಲ್ಲಿ ಇದಕ್ಕೆ ಹೆಚ್ಚು ಶ್ರಮ ಬೇಡ. Principled BSDF ಎಂಬ ನೋಡ್‌ನಲ್ಲಿ Coat ವಿಭಾಗವಿದೆ. ಅದರ Weight ಅನ್ನು 1, IOR ಅನ್ನು 1.5, Roughness ಅನ್ನು 0.02ರ ಆಸುಪಾಸು ಇಟ್ಟರೆ ಸಾಕು, ಕೋನಕ್ಕೆ ತಕ್ಕ ಏರಿಳಿತವನ್ನು ಅದೇ ಲೆಕ್ಕ ಹಾಕಿಕೊಳ್ಳುತ್ತದೆ.

ಇನ್ನು ಚಕ್ಕೆಗಳು. Voronoi Texture ಮೇಲ್ಮೈಯನ್ನು ಸಣ್ಣ ಸಣ್ಣ ತುಂಡುಗಳಾಗಿ ಒಡೆದು, ಪ್ರತಿ ತುಂಡಿಗೂ ಅದರದೇ ಆದ ಯಾದೃಚ್ಛಿಕ ಬಣ್ಣವನ್ನು ಕೊಡುತ್ತದೆ. ಆ ಬಣ್ಣವನ್ನು ಬಣ್ಣವಾಗಿ ಬಳಸದೆ ಮೂರು ಸಂಖ್ಯೆಗಳೆಂದು ಓದಿ, ಅವುಗಳಿಂದ ಪ್ರತಿ ಚಕ್ಕೆಯ ವಾಲುವಿಕೆಯನ್ನು ಪಡೆಯಬಹುದು:

```
flake_N = normalize(Normal + 0.3 * (Color - 0.5))
```

ಇಲ್ಲಿ Normal ಎಂದರೆ ಕಾರಿನ ಮೈ ಆ ಜಾಗದಲ್ಲಿ ಮುಖ ಮಾಡಿರುವ ದಿಕ್ಕು. 0.3 ಇಟ್ಟರೆ ಚಕ್ಕೆಗಳು ಹೆಚ್ಚೆಂದರೆ ಸುಮಾರು ಹದಿನೈದು ಡಿಗ್ರಿ ವಾಲುತ್ತವೆ. ಈ ಹೊಸ ದಿಕ್ಕನ್ನು Principled BSDFನ Normal ಕಿಂಡಿಗೆ ಕೊಡಬೇಕು, Metallic ಅನ್ನು 1ಕ್ಕೆ ಏರಿಸಬೇಕು, ಕೆಳಪದರದ Roughness ಅನ್ನು 0.2ರ ಸುತ್ತ ಇಡಬೇಕು. ಆದರೆ Coat Normal ಕಿಂಡಿಗೆ ಇದು ಹೋಗಲೇಬಾರದು. ಹೋದರೆ ಕ್ಲಿಯರ್ ಕೋಟೂ ಚೂರುಚೂರಾಗುತ್ತದೆ. ಪರೀಕ್ಷಿಸುವುದು ಸುಲಭ: ಕಾರಿನ ಮೇಲೊಂದು ಉದ್ದನೆಯ ಟ್ಯೂಬ್‌ಲೈಟ್ ಇಟ್ಟು ಅದರ ಪ್ರತಿಬಿಂಬದ ಅಂಚನ್ನು ನೋಡಿ. ಅಂಚು ಚೂಪಾಗಿದ್ದು ಅದರ ಸುತ್ತ ಮಿನುಗು ಹರಡಿದ್ದರೆ ಸರಿ. ಅಂಚೇ ಹರಿದು ಹೋಗಿದ್ದರೆ ಎರಡು ಪದರಗಳು ಬೆರೆತಿವೆ.

ಈಗ ಮಿಸ್ಟಿಕ್ರೋಮ್‌ಗೆ ಬರೋಣ. ಹೀಗೆ ಬಣ್ಣ ಬದಲಿಸುವ ಕಾರುಗಳಲ್ಲಿ ಹೆಸರಾದ ಕ್ರೋಮಾಫ್ಲೇರ್ ಮಾದರಿಯ ಚಕ್ಕೆಯೊಳಗೆ ಮತ್ತೆ ಪದರಗಳಿವೆ. ನಡುವೆ ಅಲ್ಯೂಮಿನಿಯಂ, ಅದರ ಎರಡೂ ಬದಿಗೆ ಮೆಗ್ನೀಸಿಯಂ ಫ್ಲೋರೈಡ್‌ನ ಗಾಜಿನಂಥ ಪದರ, ಹೊರಗೆ ಅರೆಪಾರದರ್ಶಕ ಕ್ರೋಮಿಯಂ. ಬೆಳಕಿನ ಒಂದು ಪಾಲು ಕ್ರೋಮಿಯಂನಿಂದಲೇ ಮರಳುತ್ತದೆ, ಇನ್ನೊಂದು ಒಳಗಿನ ಅಲ್ಯೂಮಿನಿಯಂ ಮುಟ್ಟಿ ಬರುತ್ತದೆ. ಎರಡು ಅಲೆಗಳು ಸೇರುವಾಗ ಯಾವ ತರಂಗಾಂತರದಲ್ಲಿ ಹೆಜ್ಜೆ ಹೊಂದುತ್ತದೆಯೋ ಆ ಬಣ್ಣ ಬಲಗೊಳ್ಳುತ್ತದೆ, ಉಳಿದವು ಅಳಿಸಿಹೋಗುತ್ತವೆ. ಮಳೆ ನಿಂತ ರಸ್ತೆಯ ಮೇಲೆ ಚೆಲ್ಲಿದ ಎಣ್ಣೆಯಲ್ಲಿ ಬಣ್ಣಗಳು ಕಾಣುವುದೂ ಇದೇ ನಿಯಮದಿಂದ.

ನೋಟ ಓರೆಯಾದಷ್ಟೂ ಬಲಗೊಳ್ಳುವ ತರಂಗಾಂತರ ಚಿಕ್ಕದಾಗುತ್ತದೆ. ಎಷ್ಟು ಚಿಕ್ಕದು ಎಂಬುದನ್ನು ಲೆಕ್ಕ ಹಾಕಬಹುದು. ಮೆಗ್ನೀಸಿಯಂ ಫ್ಲೋರೈಡ್‌ನ ಸೂಚ್ಯಂಕ 1.38. ಎದುರಿನಿಂದ 550 ನ್ಯಾನೊಮೀಟರಿನ ಹಸಿರು ಕಾಣುವಂತೆ ಪದರ ಕಟ್ಟಿದ್ದರೆ 45 ಡಿಗ್ರಿಯಲ್ಲಿ ಅದು 472ಕ್ಕೆ ಇಳಿಯುತ್ತದೆ, ಅಂದರೆ ನೀಲಿ. 60 ಡಿಗ್ರಿಯಲ್ಲಿ 428, ನೇರಳೆ. 80ರಲ್ಲಿ 385, ಕಣ್ಣಿಗೆ ಕಾಣುವುದರ ಕೊನೆಯ ಅಂಚು. ಕಾರಿನ ಮೈ ಅಲ್ಲಿ ಕಪ್ಪಾಗುವುದಕ್ಕೆ ಇದೇ ಸಮಾಧಾನ. ಇದು ಒಂದೇ ಶಿಖರವಿರುವ ಸರಳ ಲೆಕ್ಕ. ನಿಜವಾದ ಚಕ್ಕೆ ಅಗಲವಾದ ಪಟ್ಟಿಯನ್ನೇ ಪ್ರತಿಫಲಿಸುತ್ತದೆ. ಆದರೂ ಬಣ್ಣಗಳ ಸರದಿಯನ್ನು ಕೈಗೆ ಸಿಕ್ಕಂತೆ ಆರಿಸುವಂತಿಲ್ಲ ಎಂಬುದು ಇದರಿಂದ ಸ್ಪಷ್ಟ. ನೀಲಿಯಿಂದ ಹಸಿರಿಗೆ, ಹಸಿರಿನಿಂದ ಹಳದಿಗೆ ಸಾಗುವ ಪಟ್ಟಿ ಹಾಕಿದ ಚಿತ್ರ ಎಷ್ಟೇ ಅಂದವಾಗಿದ್ದರೂ ನೋಡಿದವರಿಗೆ ಏನೋ ತಪ್ಪಿದೆ ಅನ್ನಿಸುವುದು ಈ ಸರದಿ ತಿರುವುಮುರುವಾಗಿರುವುದರಿಂದ.

ಬ್ಲೆಂಡರ್‌ನಲ್ಲಿ ಕೋನವನ್ನು ತಿಳಿಸುವುದು Layer Weight ನೋಡ್‌ನ Facing. Blend 0.5 ಇದ್ದಾಗ ಅದರ ಬೆಲೆ ಎದುರಿಗೆ 0, 45 ಡಿಗ್ರಿಗೆ 0.29, 60ಕ್ಕೆ 0.5, 80ಕ್ಕೆ 0.83. Color Rampನಲ್ಲಿ ಈ ನಾಲ್ಕು ಜಾಗಗಳಲ್ಲಿ ಹಸಿರು, ನೀಲಿ, ನೇರಳೆ, ಕಪ್ಪುನೇರಳೆ ಇಟ್ಟು Base Colorಗೆ ಜೋಡಿಸಬೇಕು. ಇಷ್ಟಕ್ಕೇ ನಿಲ್ಲಿಸಿದರೆ ಮೊದಲು ಹೇಳಿದ ಮೋಸವೇ ಉಳಿಯುತ್ತದೆ. ಇದರ ಪರಿಹಾರ ನನಗೆ ಬಹಳ ಇಷ್ಟ, ಏಕೆಂದರೆ ಅದು ಒಂದೇ ಒಂದು ತಂತಿಯ ಮಾತು: Layer Weightನ Normal ಕಿಂಡಿಗೂ flake_N ಕೊಡುವುದು. ಕನ್ನಡಿಯಂಥ ಒಂದು ಚಕ್ಕೆ ದೀಪದ ಬೆಳಕನ್ನು ನಮ್ಮ ಕಣ್ಣಿಗೆ ತಿರುಗಿಸಬೇಕಾದರೆ ಅದು ದೀಪ ಮತ್ತು ಕಣ್ಣಿನ ನಟ್ಟನಡುವಿನ ದಿಕ್ಕಿಗೇ ಮುಖ ಮಾಡಿರಬೇಕು. ದೀಪ ಸರಿದರೆ ಆ ಚಕ್ಕೆ ಆರಿ ಬೇರೆ ವಾಲಿನ ಇನ್ನೊಂದು ಹೊಳೆಯುತ್ತದೆ. ಆ ಹೊಸ ಚಕ್ಕೆ ಕಣ್ಣಿಗೆ ಬೇರೆ ಕೋನದಲ್ಲಿರುವುದರಿಂದ ಅದರ ಬಣ್ಣವೂ ಬೇರೆ. ದೀಪ ಎಲ್ಲಿದೆ ಎಂದು ನಾವು ಹೇಳದಿದ್ದರೂ ಮಿನುಗಿನ ಬಣ್ಣ ಅದಕ್ಕೆ ಸ್ಪಂದಿಸತೊಡಗುತ್ತದೆ.

ಮಿತಿಯೊಂದು ಉಳಿಯುತ್ತದೆ, ಅದು ಅಳತೆಯದು. ಇಡೀ ಕಾರು ತುಂಬಿದ 1920 ಪಿಕ್ಸೆಲ್ ಅಗಲದ ಚಿತ್ರದಲ್ಲಿ ಒಂದು ಪಿಕ್ಸೆಲ್ ಎಂದರೆ ಎರಡು ಮಿಲಿಮೀಟರಿಗಿಂತ ಹೆಚ್ಚು, ಅದರಲ್ಲಿ ಇಪ್ಪತ್ತು ಮೈಕ್ರಾನಿನ ಚಕ್ಕೆಗಳು ಹತ್ತು ಸಾವಿರ ಹಿಡಿಯುತ್ತವೆ. ಅಷ್ಟು ದೂರದಿಂದ ಬಿಡಿ ಚಕ್ಕೆ ಕಾಣುವುದಿಲ್ಲ. ಕಾಣಲೇಬೇಕೆಂದು Voronoiನ Scale ಇಳಿಸಿ ಚಕ್ಕೆಗಳನ್ನು ದೊಡ್ಡದು ಮಾಡಿದರೆ ಕಾರು ಅಂಗೈಯಗಲದ ಆಟಿಕೆಯಾಗಿಬಿಡುತ್ತದೆ. ಪಿಕ್ಸೆಲ್‌ಗಿಂತ ಚಿಕ್ಕದಾಗಿಯೇ ಬಿಟ್ಟರೆ ಚಲನಚಿತ್ರದಲ್ಲಿ ಚೌಕಟ್ಟಿಗೊಮ್ಮೆ ಮೈಯೆಲ್ಲ ಕದಡುತ್ತದೆ. ಹಾಗಾಗಿ ದೂರದ ನೋಟಕ್ಕೆ ಚಕ್ಕೆಯ ದಿಕ್ಕುಗಳನ್ನು ತೆಗೆದು, ಅವು ಒಟ್ಟಾಗಿ ಹರಡುತ್ತಿದ್ದ ಬೆಳಕಿಗೆ ಬದಲಾಗಿ ಕೆಳಪದರದ Roughness ಅನ್ನು 0.35ರವರೆಗೆ ಏರಿಸಬೇಕಾಗುತ್ತದೆ. ಬೆಲೆಯೂ ತೆರಬೇಕು: ಅಲ್ಲಿ ಬಣ್ಣ ಮತ್ತೆ ಕ್ಯಾಮೆರಾಗೆ ಮಾತ್ರ ಸ್ಪಂದಿಸುತ್ತದೆ. ಬಾಗಿಲ ಹಿಡಿಕೆಯವರೆಗೆ ಹತ್ತಿರ ಬರುವ ದೃಶ್ಯಗಳಿಗೆ ಚಕ್ಕೆಗಳಿರುವ ಇನ್ನೊಂದು ಪ್ರತಿಯನ್ನು ಬೇರೆಯಾಗಿಯೇ ಇಟ್ಟುಕೊಳ್ಳಬೇಕು.