ಮಿಕ್ಸಿ ಹೋಯಿತು, ಮೆಸೇಜ್ ಬರಲಿಲ್ಲ

ದಸರಾ ಸೇಲಿನಲ್ಲಿ 3,499 ರೂಪಾಯಿಗೆ ಒಂದು ಮಿಕ್ಸಿ ತರಿಸಿದ್ದೆವು. ಸೋಮವಾರ ಬಂತು. ಡಬ್ಬ ಬಿಚ್ಚಿ ನೋಡಿದರೆ ಚಟ್ನಿ ಜಾರಿನ ಬುಡದಲ್ಲಿ ಕೂದಲೆಳೆಯಷ್ಟು ಬಿರುಕು. ನೀರು ಹಾಕಿದೆ, ಸೋರಿತು. ಅವತ್ತೇ ಆ್ಯಪ್‌ನಲ್ಲಿ ರಿಟರ್ನ್ ಹಾಕಿದೆ. ಬುಧವಾರ ಮಧ್ಯಾಹ್ನ ಒಂದು ಗಂಟೆಗೆ ಪಿಕಪ್ ಹುಡುಗ ಬಂದ. ಬೆನ್ನ ಮೇಲೆ ಆಳೆತ್ತರದ ಚೀಲ, ಕೈಯಲ್ಲಿ ಚಾರ್ಜ್ ಮುಗಿಯುತ್ತಿರುವ ಫೋನು. ಮಿಕ್ಸಿಯನ್ನು ಬಾರ್‌ಕೋಡ್ ಇರುವ ಪ್ಲಾಸ್ಟಿಕ್ ಕವರಿಗೆ ತುಂಬಿ, "ಸಂಜೆ ಹಬ್‌ಗೆ ಹೋಗಿ ಅಪ್‌ಡೇಟ್ ಮಾಡ್ತೀನಿ ಅಕ್ಕಾ" ಅಂದು ಹೊರಟ. ಬಿಸಿಲಲ್ಲಿ ಬಂದವನನ್ನು ನಿಲ್ಲಿಸಿಕೊಳ್ಳುವುದು ಯಾಕೆ ಅಂತ ನಾನೂ ಹೂಂ ಅಂದೆ.

ಸಂಜೆ ಆ್ಯಪ್ ತೆರೆದರೆ, 'ಪಿಕಪ್ ಆಗಿಲ್ಲ, ಕಸ್ಟಮರ್ ನಾಟ್ ಅವೈಲಬಲ್' ಅಂತಿತ್ತು. ಮಿಕ್ಸಿ ಮನೆಯಲ್ಲಿಲ್ಲ, ಕಂಪನಿಯ ಲೆಕ್ಕದಲ್ಲಿ ಅದು ಇನ್ನೂ ನನ್ನ ಮನೆಯಲ್ಲೇ ಇದೆ.

ವಸ್ತು ಯಾವಾಗ ನಮ್ಮ ಕೈಬಿಟ್ಟಿತು ಅನ್ನುವುದು ಕಂಪನಿಗೆ ಮುಖ್ಯವಲ್ಲ, ಯಾವಾಗ ಸ್ಕ್ಯಾನ್ ಆಯಿತು ಅನ್ನುವುದಷ್ಟೇ ಮುಖ್ಯ. ಕ್ರಮವಾಗಿ ನಡೆದರೆ ಹುಡುಗನ ಫೋನಿನಲ್ಲಿ ನಮ್ಮ ವಸ್ತುವಿನ ಚಿತ್ರ ಬರುತ್ತದೆ. ಬ್ರ್ಯಾಂಡ್ ಅದೇನಾ, ಬಣ್ಣ ಅದೇನಾ, ಸೀರಿಯಲ್ ನಂಬರ್ ಹೊಂದುತ್ತದಾ, ಜೊತೆಗೆ ಬಂದ ಸಾಮಾನೆಲ್ಲ ಇದೆಯಾ ಅಂತ ಒಂದೊಂದನ್ನೇ ಅವನು ಒತ್ತಬೇಕು. ಫೋಟೊ ತೆಗೆಯಬೇಕು, ಕವರಿನ ಬಾರ್‌ಕೋಡನ್ನು ನಮ್ಮ ರಿಟರ್ನಿಗೆ ಜೋಡಿಸಬೇಕು. ಕೆಲವು ಕಂಪನಿಗಳಲ್ಲಿ ನಮ್ಮ ಫೋನಿಗೆ ಒಟಿಪಿ ಬರುತ್ತದೆ. ಅದನ್ನು ಅವನಿಗೆ ಹೇಳಿದ ಮೇಲೆಯೇ ಪಿಕಪ್ ಪೂರ್ತಿ. ಇಷ್ಟಾದ ಮೇಲೆ ಬರುವ ಮೆಸೇಜೇ ನಮ್ಮ ರಸೀದಿ. ಎರಡು ಮೂರು ನಿಮಿಷದ ಕೆಲಸ ಇದು, ಬಾಗಿಲಲ್ಲೇ ಮುಗಿಯಬೇಕು. ಒಟಿಪಿಯನ್ನು ವಸ್ತು ಕೊಡುವ ಮೊದಲೇ ಹೇಳಬಾರದು; ಹೇಳಿದ ಮೇಲೆ ಮೆಸೇಜ್ ಬರುವವರೆಗೆ ಅವನನ್ನು ಬಿಡಲೂ ಬಾರದು.

'ಕಸ್ಟಮರ್ ನಾಟ್ ಅವೈಲಬಲ್' ಅನ್ನುವುದನ್ನು ಕಂಡ ದಿನವೇ ತಕರಾರು ಹಾಕಬೇಕಾದ ಕಾರಣ ಬೇರೆಯೇ ಇದೆ. ಎರಡು ಮೂರು ಸಲ ಪಿಕಪ್ ಆಗದಿದ್ದರೆ ರಿಟರ್ನ್ ತಾನಾಗಿ ರದ್ದಾಗುವುದುಂಟು. ಅಷ್ಟರಲ್ಲಿ ಏಳು ದಿನದ ಗಡುವು ದಾಟಿದ್ದರೆ ಹೊಸದಾಗಿ ಹಾಕಲು ಬಟನ್ನೇ ಇರುವುದಿಲ್ಲ.

ನನ್ನನ್ನು ಉಳಿಸಿದ್ದು ಎರಡು. ಕವರ್ ಮುಚ್ಚುವಾಗ ಮಗಳು ಸುಮ್ಮನೆ ಒಂದು ಫೋಟೊ ಹೊಡೆದಿದ್ದಳು. ಅದರಲ್ಲಿ ಬಾರ್‌ಕೋಡಿನ ಕೆಳಗಿನ ಸಂಖ್ಯೆ ಓದುವ ಹಾಗಿತ್ತು. ಗೇಟಿನ ರಿಜಿಸ್ಟರಿನಲ್ಲಿ ವಾಚ್‌ಮನ್ ಅವನ ಹೆಸರು, ಬಂದ ಹೊತ್ತು, ಹೋದ ಹೊತ್ತು ಬರೆಸಿಕೊಂಡಿದ್ದರು. ಕಸ್ಟಮರ್ ಕೇರ್ ಚಾಟಿನಲ್ಲಿ ಅಳಲು ತೋಡಿಕೊಳ್ಳದೆ ಆರ್ಡರ್ ನಂಬರ್, ಪಿಕಪ್ ಆದ ಹೊತ್ತು, ಕವರಿನ ಸಂಖ್ಯೆ ಇಷ್ಟನ್ನೇ ಬರೆದು ಎರಡೂ ಫೋಟೊ ಹಾಕಿದೆ. ದೂರಿನ ನಂಬರ್ ಕೇಳಿ ಪಡೆದೆ. ಶನಿವಾರ 'ಹಬ್ ತಲುಪಿದೆ' ಅಂತ ಬಂತು. ರಾಶಿಯಲ್ಲಿ ಬಿದ್ದಿದ್ದ ಕವರನ್ನು ಆ ಸಂಖ್ಯೆಯಿಂದ ಹುಡುಕಿದ್ದರು.

ಕಟ್ಟುವ ವಿಷಯದಲ್ಲಿ ನಾವು ಅತಿ ಮಾಡುವುದೇ ಹೆಚ್ಚು. ನನ್ನ ಅತ್ತೆ ಡಬ್ಬದ ಸುತ್ತ ಟೇಪಿನ ಮೇಲೆ ಟೇಪು ಸುತ್ತಿಟ್ಟಿದ್ದರು. ಹುಡುಗ ತಪಾಸಣೆಗೆ ಅದನ್ನೆಲ್ಲ ಕೊಯ್ಯಬೇಕಾಯಿತು. ಅವನು ನೋಡುವವರೆಗೆ ಡಬ್ಬ ತೆರೆದಿರಲಿ, ನೋಡಿದ ಮೇಲೆ ಅವನೆದುರಿಗೇ ಮುಚ್ಚಿ. ಕಂಪನಿಯ ಬಣ್ಣದ ಡಬ್ಬದ ಮೇಲೆ ಟೇಪ್ ಹಚ್ಚುವುದು, ಪೆನ್ನಿನಲ್ಲಿ ವಿಳಾಸ ಬರೆಯುವುದು ಬೇಡ. ಆ ಡಬ್ಬವೂ ವಸ್ತುವಿನ ಭಾಗವೆಂದೇ ಲೆಕ್ಕ, ಹಾಳಾಗಿದೆ ಅಂತ ತಕರಾರು ತೆಗೆಯಬಹುದು. ಮಿಕ್ಸಿಯಾದರೆ ಜಾರನ್ನು ತೊಳೆದು ಒಣಗಿಸಿ, ಒಳಗೆ ಪೇಪರ್ ತುರುಕಿ. ಮುಚ್ಚಳ, ವಾರಂಟಿ ಕಾರ್ಡ್, ಒಡೆದ ಜಾರು ಎಲ್ಲವೂ ಹೋಗಬೇಕು. ಒಂದು ಕಡಿಮೆಯಾದರೂ ಹುಡುಗ ಬಾಗಿಲಲ್ಲೇ ಬೇಡ ಅನ್ನಬಹುದು. ತುಂಬುವ ಮೊದಲು ಒಂದು ವಿಡಿಯೊ ಮಾಡಿಕೊಳ್ಳಿ. ಮಿಕ್ಸಿಯನ್ನು ಮಗುಚಿ ತಳದ ಸೀರಿಯಲ್ ನಂಬರಿನಿಂದ ಶುರುಮಾಡಿ, ಬಿರುಕು ತೋರಿಸಿ, ಎಲ್ಲೂ ನಿಲ್ಲಿಸದೆ ಡಬ್ಬದೊಳಗೆ ಇಡುವವರೆಗೆ. ಗೋದಾಮಿನಲ್ಲಿ 'ಬೇರೆ ವಸ್ತು ಬಂದಿದೆ' ಅಂದರೆ ನಮ್ಮ ಕಡೆ ಮಾತಾಡುವುದು ಅದೊಂದೇ.

ಪಿಕಪ್ ಇಲ್ಲದ ಊರುಗಳೂ ಇವೆ. ತೀರ್ಥಹಳ್ಳಿ ಕಡೆಯ ನನ್ನ ತಂಗಿಗೆ 'ನೀವೇ ಕಳಿಸಿ' ಅಂದಿದ್ದರು. ಅಂಥಾದ್ದರಲ್ಲಿ ಅಂಚೆ ಕಚೇರಿಯ ಸ್ಪೀಡ್ ಪೋಸ್ಟ್ ನಂಬಬಹುದು. ರಸೀದಿಯಲ್ಲಿ IN ಅಂತ ಮುಗಿಯುವ 13 ಅಕ್ಷರ-ಅಂಕಿಗಳ ನಂಬರ್ ಇರುತ್ತದೆ, ಜೊತೆಗೆ ತೂಕವೂ ಇರುತ್ತದೆ. 'ಖಾಲಿ ಡಬ್ಬ ಬಂತು' ಅನ್ನುವವರಿಗೆ ಆ ತೂಕವೇ ಉತ್ತರ. ರಸೀದಿಯ ಮಸಿ ಬೇಗ ಮಾಸುತ್ತದೆ, ಅವತ್ತೇ ಫೋಟೊ ತೆಗೆದಿಡಿ. ಅಂಚೆ ಖರ್ಚು ಯಾರದು, ಎಷ್ಟರವರೆಗೆ ಕೊಡುತ್ತಾರೆ ಅನ್ನುವುದನ್ನು ಕಳಿಸುವ ಮುಂಚೆಯೇ ಚಾಟಿನಲ್ಲಿ ಬರೆಸಿಕೊಳ್ಳಬೇಕು.

ಇನ್ನು ದುಡ್ಡು. ಮುಂದಿನ ಗುರುವಾರ ಮಾರಾಟಗಾರರು ಮಿಕ್ಸಿ ನೋಡಿ ಒಪ್ಪಿದರು. ಶುಕ್ರವಾರ 'ರೀಫಂಡ್ ಆಗಿದೆ' ಅಂತ ಮೆಸೇಜ್. ಸೋಮವಾರವಾದರೂ ಖಾತೆಯಲ್ಲಿ ಕಾಸಿಲ್ಲ. 'ರೀಫಂಡ್ ಆಗಿದೆ' ಅಂದರೆ ಕಂಪನಿ ತನ್ನ ಕಡೆಯಿಂದ ಬಿಟ್ಟಿದೆ ಅಂತ ಮಾತ್ರ ಅರ್ಥ; ಅದು ಪಾವತಿ ಸಂಸ್ಥೆಯನ್ನು ಹಾದು ನಮ್ಮ ಬ್ಯಾಂಕಿಗೆ ಬರಬೇಕು. ಆಗ ಕೇಳಬೇಕಾದದ್ದು ರೀಫಂಡಿನ ಉಲ್ಲೇಖ ಸಂಖ್ಯೆ. ಯುಪಿಐನಲ್ಲಿ ಕಟ್ಟಿದ್ದರೆ ಅದು 12 ಅಂಕಿ. ಕಾರ್ಡಿನಲ್ಲಾದರೆ ಎಆರ್‌ಎನ್ ಅನ್ನುವ 23 ಅಂಕಿಯ ಸಂಖ್ಯೆ. ಅದು ಕೈಯಲ್ಲಿದ್ದರೆ ಬ್ಯಾಂಕಿನವರು ದುಡ್ಡು ಎಲ್ಲಿದೆ ಅಂತ ಹುಡುಕಬಲ್ಲರು. ಇಲ್ಲದಿದ್ದರೆ ಬ್ಯಾಂಕು ಕಂಪನಿಯತ್ತ, ಕಂಪನಿ ಬ್ಯಾಂಕಿನತ್ತ ಕೈತೋರಿಸುತ್ತವೆ.

ನಾನು ಆ ಸಂಖ್ಯೆ ಹಿಡಿದು ಬ್ಯಾಂಕಿಗೆ ಹೋದೆ. ಕೌಂಟರಿನಾಕೆ ನೋಡಿ, "ಮೇಡಂ, ದುಡ್ಡು ಕಟ್ಟಿದ್ದು ಯಾವ ಖಾತೆಯಿಂದ?" ಅಂದರು. ಯುಪಿಐ ಆ್ಯಪ್‌ನಲ್ಲಿ ನನ್ನ ಎರಡು ಬ್ಯಾಂಕಿನ ಖಾತೆಗಳಿದ್ದವು. ಕಟ್ಟಿದ್ದು ಒಂದರಿಂದ, ದಿನಾ ನೋಡುತ್ತಿದ್ದದ್ದು ಇನ್ನೊಂದನ್ನು. ದುಡ್ಡು ಶನಿವಾರವೇ ಬಂದು ಕೂತಿತ್ತು. ಹೋದ ಖಾತೆಗೇ ಅದು ಮರಳುತ್ತದೆ ಅನ್ನುವುದು ನನಗೆ ಹೊಳೆದಿರಲಿಲ್ಲ.

ದಿನಕ್ಕೆ 100 ರೂಪಾಯಿ ದಂಡ ಸಿಗುತ್ತದಂತೆ ಅನ್ನುವ ಮಾತು ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತಿದೆ. ರಿಸರ್ವ್ ಬ್ಯಾಂಕಿನ 2019ರ ಆ ಸುತ್ತೋಲೆ ಪಾವತಿಯೇ ವಿಫಲವಾಗಿ ದುಡ್ಡು ಕಡಿತವಾದ ಸಂದರ್ಭಕ್ಕೆ. ವಸ್ತು ವಾಪಸ್ ಮಾಡಿದ ದುಡ್ಡಿಗೆ ಅದು ಹೊಂದುವುದಿಲ್ಲ. ಕ್ಯಾಶ್ ಆನ್ ಡೆಲಿವರಿಯಾದರೆ ಖಾತೆಯ ವಿವರವನ್ನು ಆ್ಯಪ್‌ನಲ್ಲಿ ನಾವೇ ತುಂಬಬೇಕು. ರೀಫಂಡ್ ಹಾಕುತ್ತೇವೆ, ಯುಪಿಐ ಪಿನ್ ಒತ್ತಿ ಅಂತ ಯಾರಾದರೂ ಫೋನ್ ಮಾಡಿದರೆ ಇಟ್ಟುಬಿಡಿ. ದುಡ್ಡು ಪಡೆಯಲು ಪಿನ್ ಬೇಕಿಲ್ಲ.

ದೋಷವಿರುವ, ಅಥವಾ ಜಾಹೀರಾತಿನಲ್ಲಿ ಹೇಳಿದ ಹಾಗಿಲ್ಲದ ವಸ್ತುವನ್ನು ವಾಪಸ್ ಪಡೆಯಲು ಮಾರಾಟಗಾರರು ಒಲ್ಲೆ ಅನ್ನುವಂತಿಲ್ಲ ಅಂತ 2020ರ ಇ-ಕಾಮರ್ಸ್ ನಿಯಮಗಳು ಹೇಳುತ್ತವೆ. ಮನಸ್ಸು ಬದಲಾಯಿತು ಅನ್ನುವ ವಾಪಸಾತಿ ಮಾತ್ರ ಅವರವರ ಷರತ್ತಿನಂತೆ. ಅದೇ ನಿಯಮದಂತೆ ಕಂಪನಿಯ ಕುಂದುಕೊರತೆ ಅಧಿಕಾರಿ 48 ಗಂಟೆಯೊಳಗೆ ದೂರು ತಲುಪಿದ್ದನ್ನು ತಿಳಿಸಬೇಕು, ಒಂದು ತಿಂಗಳಲ್ಲಿ ಪರಿಹಾರ ಕೊಡಬೇಕು. ಆ ಅಧಿಕಾರಿಯ ಹೆಸರು, ಸಂಪರ್ಕ ಕಂಪನಿಯ ಆ್ಯಪ್ ಅಥವಾ ಜಾಲತಾಣದಲ್ಲೇ ಇರಬೇಕು. ಗೂಗಲ್‌ನಲ್ಲಿ ಸಿಗುವ ಕಸ್ಟಮರ್ ಕೇರ್ ನಂಬರಿಗೆ ಫೋನ್ ಮಾಡಬೇಡಿ, ವಂಚಕರು ಅಲ್ಲೇ ಹೊಂಚು ಹಾಕಿರುತ್ತಾರೆ. ಅಧಿಕಾರಿಯಿಂದಲೂ ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು.